ಬಾಗಿಲು ಕಿಟಕಿಗಳ ಅಳತೆಯನ್ನು ಕಳೆದು ಕೊಠಡಿಯ ಬಣ್ಣ ಮತ್ತು ನೆಲದ ಟೈಲ್ಸ್ ಪ್ರಮಾಣವನ್ನು ಪರಿಶೀಲಿಸುವ ವಿಧಾನ

(ಸಾರ್ವಜನಿಕರ ಮಾಹಿತಿಗಾಗಿ)

ಮನೆಯ ದುರಸ್ತಿಗಾಗಿ ಸಾಲಕ್ಕೆ ಅರ್ಜಿ ಸಲ್ಲಿಸುವವರು ಹಾಗೂ ಗುತ್ತಿಗೆದಾರರಿಂದ ಕೆಲಸ ಮಾಡಿಸುವವರು ಬಣ್ಣ ಮತ್ತು ಟೈಲ್ಸ್‌ಗಳ ಅಂದಾಜು ಪಟ್ಟಿಯನ್ನು ಪಡೆಯುತ್ತಾರೆ. ಪಟ್ಟಿಯಲ್ಲಿ "ಕೊಠಡಿ 1, ಗೋಡೆ 440 ಚದರ ಅಡಿ, ಬಣ್ಣ 8 ಲೀಟರ್" ಎಂದು ಒಂದೇ ಸಾಲು ಇರುವುದು ಸಾಮಾನ್ಯ. ಆ ಸಂಖ್ಯೆ ಹೇಗೆ ಬಂದಿತು, ಅದರಲ್ಲಿ ಬಾಗಿಲು ಕಿಟಕಿಗಳ ಅಳತೆಯನ್ನು ಕಳೆಯಲಾಗಿದೆಯೇ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಒಂದು ಟೇಪು, ಒಂದು ಹಾಳೆ ಇದ್ದರೆ ಮನೆಯವರೇ ಇದನ್ನು ಪರಿಶೀಲಿಸಬಹುದು. ಅದರ ಕ್ರಮವನ್ನು ಒಂದು ಕೊಠಡಿಯ ಉದಾಹರಣೆಯೊಂದಿಗೆ ಕೆಳಗೆ ವಿವರಿಸಲಾಗಿದೆ.

ಪರಿಶೀಲನೆಗೆ ಮೊದಲು ಒಂದು ಅಂಶವನ್ನು ಗಮನಿಸತಕ್ಕದ್ದು. ಖರೀದಿಸಬೇಕಾದ ಬಣ್ಣದ ಲೆಕ್ಕ ಬೇರೆ, ಕೆಲಸಕ್ಕೆ ಹಣ ಪಾವತಿಸುವ ಲೆಕ್ಕ ಬೇರೆ. ಬಣ್ಣವು ನಿಜವಾಗಿ ಬಳಿಯಲಾಗುವ ಮೇಲ್ಮೈಗೆ ಮಾತ್ರ ಖರ್ಚಾಗುತ್ತದೆ. ಹಣವು ಉಭಯ ಪಕ್ಷದವರು ಒಪ್ಪಿಕೊಂಡ ಅಳತೆಯ ಪದ್ಧತಿಯಂತೆ ಸಲ್ಲುತ್ತದೆ. ಈ ಎರಡನ್ನೂ ಬೆರೆಸುವುದರಿಂದಲೇ ಹೆಚ್ಚಿನ ತಕರಾರುಗಳು ಉಂಟಾಗುತ್ತವೆ.

1. ಅಳತೆ ತೆಗೆದುಕೊಳ್ಳುವ ಕ್ರಮ

ಉದಾಹರಣೆಯ ಕೊಠಡಿಯ ಉದ್ದ 12 ಅಡಿ, ಅಗಲ 10 ಅಡಿ. ನೆಲದ ಅಂಚಿನಲ್ಲಿ 4 ಅಂಗುಲ ಎತ್ತರದ ಸ್ಕರ್ಟಿಂಗ್ ಇದೆ. ಸ್ಕರ್ಟಿಂಗ್ ಇರುವ ಭಾಗಕ್ಕೆ ಬಣ್ಣ ಬಳಿಯುವುದಿಲ್ಲವಾದ್ದರಿಂದ ಗೋಡೆಯ ಎತ್ತರವನ್ನು ಅದರ ಮೇಲಂಚಿನಿಂದ ಚಾವಣಿಯವರೆಗೆ ಅಳೆಯಬೇಕು. ಇಲ್ಲಿ ಅದು 10 ಅಡಿ. ಬಾಗಿಲಿನ ಎತ್ತರವನ್ನೂ ಇದೇ ಅಂಚಿನಿಂದಲೇ ಅಳೆಯಬೇಕು. ಗೋಡೆಯನ್ನು ಸ್ಕರ್ಟಿಂಗ್‌ನ ಮೇಲಿನಿಂದಲೂ ಬಾಗಿಲನ್ನು ನೆಲದಿಂದಲೂ ಅಳೆದರೆ ಕಳೆಯುವ ಅಳತೆ ಹೆಚ್ಚಾಗಿ ಬಣ್ಣ ಕಡಿಮೆ ಬೀಳುತ್ತದೆ.

ಬಾಗಿಲು ಕಿಟಕಿಗಳ ಅಳತೆಯನ್ನು ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿಗೆ, ಅಂದರೆ ಗೋಡೆಯ ಬಣ್ಣ ನಿಲ್ಲುವ ಗೆರೆಯಿಂದ ತೆಗೆದುಕೊಳ್ಳತಕ್ಕದ್ದು. ಕದದ ಅಳತೆಯನ್ನು ಮಾತ್ರ ತೆಗೆದುಕೊಂಡರೆ ಚೌಕಟ್ಟಿನ ಮರದ ಅಗಲವು ಗೋಡೆಯ ಲೆಕ್ಕದಲ್ಲಿಯೇ ಉಳಿಯುತ್ತದೆ. ಚೌಕಟ್ಟಿಗೆ ಗೋಡೆಯ ಬಣ್ಣ ಬಳಿಯುವುದಿಲ್ಲ.

ಅಡಿ ಮತ್ತು ಅಂಗುಲಗಳನ್ನು ಗುಣಿಸುವಾಗ ಎಚ್ಚರ ವಹಿಸಬೇಕು. 6 ಅಡಿ 6 ಅಂಗುಲವೆಂದರೆ 6.5 ಅಡಿ, 6.6 ಅಡಿಯಲ್ಲ. 10 ಅಡಿ 3 ಅಂಗುಲವೆಂದರೆ 10.25 ಅಡಿ. ಅಂಗುಲಗಳನ್ನು 12ರಿಂದ ಭಾಗಿಸಿ ಅಡಿಗೆ ಪರಿವರ್ತಿಸಿದ ನಂತರವೇ ಗುಣಿಸಬೇಕು. ಕೈಬರಹದ ಪಟ್ಟಿಗಳಲ್ಲಿ ಈ ತಪ್ಪು ಕಂಡುಬರುತ್ತದೆಯೇ ಎಂದು ಮೊದಲು ನೋಡುವುದು ಒಳಿತು.

ಎದುರುಬದುರಿನ ಗೋಡೆಗಳು ಒಂದೇ ಉದ್ದದವು ಎಂದು ಭಾವಿಸದೆ ನಾಲ್ಕನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಹಳೆಯ ಮನೆಗಳಲ್ಲಿ ಎರಡು ಮೂರು ಅಂಗುಲಗಳ ವ್ಯತ್ಯಾಸ ಅಪರೂಪವಲ್ಲ. ಗೋಡೆಯಲ್ಲಿಯೇ ಕೂಡಿಸಿದ ಬೀರು ಇದ್ದರೆ ಅದನ್ನೂ ಬಾಗಿಲಿನಂತೆಯೇ ಅಳೆದು ಬರೆದುಕೊಳ್ಳಬೇಕು.

2. ಗೋಡೆಯ ಒಟ್ಟು ವಿಸ್ತೀರ್ಣ ಮತ್ತು ಕಳೆಯಬೇಕಾದ ಭಾಗ

ನಾಲ್ಕು ಗೋಡೆಗಳ ಸುತ್ತಳತೆ 12 + 10 + 12 + 10 = 44 ಅಡಿ. ಎತ್ತರ 10 ಅಡಿಯಿಂದ ಗುಣಿಸಿದಾಗ 440 ಚದರ ಅಡಿ ಆಗುತ್ತದೆ. ಪಟ್ಟಿಯಲ್ಲಿ ನಮೂದಾಗಿರುವುದು ಇದೇ ಸಂಖ್ಯೆ. ಅಂದರೆ ಪಟ್ಟಿ ತಯಾರಿಸಿದವರು ಏನನ್ನೂ ಕಳೆದಿಲ್ಲವೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ಚಾವಣಿಯನ್ನು ಈ ಕೆಲಸದಲ್ಲಿ ಸೇರಿಸಿಲ್ಲ.

ಈ ಕೊಠಡಿಯಲ್ಲಿರುವ ತೆರಪುಗಳು ಹೀಗಿವೆ:

ಕೊಠಡಿಯ ಬಾಗಿಲು: 3.5 ಅಡಿ × 6.5 ಅಡಿ = 22.75 ಚದರ ಅಡಿ
ಸ್ನಾನಗೃಹದ ಬಾಗಿಲು: 2.5 ಅಡಿ × 6.5 ಅಡಿ = 16.25 ಚದರ ಅಡಿ
ಕಿಟಕಿಗಳು ಎರಡು: 4 ಅಡಿ × 4 ಅಡಿ × 2 = 32 ಚದರ ಅಡಿ
ವೆಂಟಿಲೇಟರ್ ಒಂದು: 2 ಅಡಿ × 1.5 ಅಡಿ = 3 ಚದರ ಅಡಿ
ಒಟ್ಟು: 74 ಚದರ ಅಡಿ

440ರಿಂದ 74ನ್ನು ಕಳೆದಾಗ 366 ಚದರ ಅಡಿ ಉಳಿಯುತ್ತದೆ. ಅನೇಕರು ಲೆಕ್ಕವನ್ನು ಇಲ್ಲಿಗೇ ಮುಗಿಸುತ್ತಾರೆ. ಆದರೆ ಇನ್ನೂ ಒಂದು ಹಂತ ಬಾಕಿ ಇರುತ್ತದೆ.

3. ಕಳೆದ ನಂತರ ಮತ್ತೆ ಸೇರಿಸಬೇಕಾದ ಭಾಗ

ಗೋಡೆಯ ದಪ್ಪಕ್ಕಿಂತ ಕಿಟಕಿಯ ಚೌಕಟ್ಟು ಕಿರಿದಾಗಿರುತ್ತದೆ. ಆದ್ದರಿಂದ ಚೌಕಟ್ಟಿನ ಸುತ್ತ ಗೋಡೆಯ ದಪ್ಪದ ಒಂದು ಭಾಗವು ಕೊಠಡಿಯೊಳಗೆ ಕಾಣುತ್ತದೆ. ಎರಡು ಪಕ್ಕಗಳು, ಮೇಲ್ಭಾಗ ಮತ್ತು ಕೆಳಭಾಗ ಎಂಬ ಈ ಪಟ್ಟಿಗಳಿಗೂ ಗೋಡೆಯ ಬಣ್ಣವನ್ನೇ ಬಳಿಯಲಾಗುತ್ತದೆ. ಕಿಟಕಿಯನ್ನು ಕಳೆದವರು ಈ ಪಟ್ಟಿಗಳನ್ನು ಸೇರಿಸದಿದ್ದರೆ ಬಣ್ಣ ಕಡಿಮೆ ಬೀಳುತ್ತದೆ.

ಉದಾಹರಣೆಯ ಮನೆಯ ಹೊರಗೋಡೆ 9 ಅಂಗುಲದ್ದು, ಕಿಟಕಿಯ ಚೌಕಟ್ಟಿನಿಂದ ಕೊಠಡಿಯ ಕಡೆಗೆ ಉಳಿದಿರುವ ದಪ್ಪ 5 ಅಂಗುಲ. ಕಿಟಕಿಯ ಕೆಳಭಾಗಕ್ಕೆ ಗ್ರಾನೈಟ್ ಹಾಸಿರುವುದರಿಂದ ಅಲ್ಲಿ ಬಣ್ಣವಿಲ್ಲ. ಎರಡು ಪಕ್ಕಗಳು ಮತ್ತು ಮೇಲ್ಭಾಗ ಸೇರಿ 12 ಅಡಿ ಉದ್ದವಾಗುತ್ತದೆ. 12ನ್ನು 5/12 ಅಡಿಯಿಂದ ಗುಣಿಸಿದರೆ ಒಂದು ಕಿಟಕಿಗೆ 5 ಚದರ ಅಡಿ, ಎರಡು ಕಿಟಕಿಗಳಿಗೆ 10 ಚದರ ಅಡಿ ಬರುತ್ತದೆ.

ವೆಂಟಿಲೇಟರ್‌ನ ಸುತ್ತಳತೆ 7 ಅಡಿ. ಅದರ ನಾಲ್ಕೂ ಬದಿಗೆ ಬಣ್ಣವಿದ್ದು, 5 ಅಂಗುಲ ದಪ್ಪಕ್ಕೆ ಸುಮಾರು 3 ಚದರ ಅಡಿ ಆಗುತ್ತದೆ. ವೆಂಟಿಲೇಟರ್‌ಗಾಗಿ ಕಳೆದದ್ದೂ 3 ಚದರ ಅಡಿಯೇ. ಕಳೆದದ್ದು ಮತ್ತು ಸೇರಿಸಿದ್ದು ಸಮವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಬಿಟ್ಟರೂ ಫಲಿತಾಂಶ ಒಂದೇ. ತೆರಪು ಚಿಕ್ಕದಾದಷ್ಟೂ ಅದರ ಸುತ್ತಲಿನ ಪಟ್ಟಿಯ ಪಾಲು ಹೆಚ್ಚುತ್ತದೆ. ಸಣ್ಣ ತೆರಪುಗಳನ್ನು ಕಳೆಯಬೇಕಿಲ್ಲವೆಂಬ ನಿಯಮಕ್ಕೆ ಆಧಾರವೂ ಇದೇ ಆಗಿದೆ. ಇದನ್ನು 5ನೇ ಕಂಡಿಕೆಯಲ್ಲಿ ವಿವರಿಸಲಾಗಿದೆ.

ಈ ಕೊಠಡಿಯ ಬಾಗಿಲಿನ ಚೌಕಟ್ಟು ಗೋಡೆಯ ಒಳಮುಖದ ಸಮಕ್ಕೆ ಇದೆ. ಸ್ನಾನಗೃಹದ ಬಾಗಿಲಿನ ಚೌಕಟ್ಟು ತೆಳು ಗೋಡೆಯ ಪೂರ್ತಿ ದಪ್ಪವನ್ನು ಆವರಿಸಿದೆ. ಆದ್ದರಿಂದ ಬಾಗಿಲುಗಳಿಗೆ ಸೇರಿಸಬೇಕಾದುದು ಏನೂ ಇಲ್ಲ.

ಬಣ್ಣ ಬಳಿಯುವ ನಿಜವಾದ ವಿಸ್ತೀರ್ಣ: 366 + 10 + 3 = 379 ಚದರ ಅಡಿ.

4. ವಿಸ್ತೀರ್ಣದಿಂದ ಲೀಟರ್‌ಗೆ

ಒಂದು ಲೀಟರ್ ಬಣ್ಣ ಎಷ್ಟು ಚದರ ಅಡಿಗೆ ಸಾಲುತ್ತದೆ ಎಂಬುದನ್ನು ತಯಾರಕರು ಡಬ್ಬಿಯ ಮೇಲೆ ಅಥವಾ ಮಾಹಿತಿ ಪತ್ರದಲ್ಲಿ ನಮೂದಿಸಿರುತ್ತಾರೆ. ಆ ಸಂಖ್ಯೆ ಒಂದು ಕೋಟಿಗೆ ಸಂಬಂಧಿಸಿದ್ದೋ ಎರಡು ಕೋಟಿಗೆ ಸಂಬಂಧಿಸಿದ್ದೋ ಎಂಬುದನ್ನು ತಪ್ಪದೆ ಓದಬೇಕು. ಒಂದು ಕೋಟಿನ ಸಂಖ್ಯೆಯನ್ನು ಎರಡು ಕೋಟಿನದೆಂದು ತಿಳಿದರೆ ಬಣ್ಣ ಅರ್ಧದಷ್ಟು ಮಾತ್ರ ಬರುತ್ತದೆ. ಡಬ್ಬಿಯ ಸಂಖ್ಯೆಯು ಪುಟ್ಟಿ ಹಾಗೂ ಪ್ರೈಮರ್ ಬಳಿದ ನಯವಾದ ಗೋಡೆಗೆ ಅನ್ವಯಿಸುತ್ತದೆ. ಒರಟು ಗಿಲಾವಿನ ಮೇಲೆ, ಅಥವಾ ಪ್ರೈಮರ್ ಇಲ್ಲದ ಪುಟ್ಟಿಯ ಮೇಲೆ ಬಣ್ಣ ಹೆಚ್ಚು ಹೀರಲ್ಪಡುತ್ತದೆ.

ಉದಾಹರಣೆಗೆ, ಎರಡು ಕೋಟಿಗೆ ಲೀಟರಿಗೆ 60 ಚದರ ಅಡಿ ಎಂದು ಡಬ್ಬಿಯಲ್ಲಿ ಬರೆದಿದೆಯೆಂದು ಇಟ್ಟುಕೊಳ್ಳೋಣ. 379ನ್ನು 60ರಿಂದ ಭಾಗಿಸಿದರೆ 6.32 ಲೀಟರ್. ರೋಲರ್ ಮತ್ತು ಬಕೆಟ್‌ಗೆ ಅಂಟಿ ಉಳಿಯುವುದು, ಅಲ್ಲಲ್ಲಿ ತಿದ್ದುವುದು ಇವುಗಳಿಗಾಗಿ ಶೇಕಡಾ 5ನ್ನು ಸೇರಿಸಿದರೆ ಸುಮಾರು 6.6 ಲೀಟರ್. 4 ಲೀಟರಿನ ಒಂದು ಡಬ್ಬಿ ಮತ್ತು 1 ಲೀಟರಿನ ಮೂರು ಡಬ್ಬಿಗಳು, ಅಂದರೆ 7 ಲೀಟರ್ ಸಾಕು. ಏನನ್ನೂ ಕಳೆಯದ 440 ಚದರ ಅಡಿಗೆ 7.33 ಲೀಟರ್ ಬಂದು, ಪಟ್ಟಿಯಲ್ಲಿ 8 ಲೀಟರ್ ಎಂದು ಬರೆಯಲಾಗಿದೆ. ಒಂದು ಕೊಠಡಿಯಲ್ಲಿ ಒಂದು ಲೀಟರ್ ವ್ಯತ್ಯಾಸ ದೊಡ್ಡದಲ್ಲ. ಇದೇ ಕ್ರಮ ಮನೆಯ ಎಲ್ಲ ಕೊಠಡಿಗಳಿಗೆ ಅನ್ವಯಿಸಿದಾಗ ಡಬ್ಬಿಗಳೇ ಉಳಿದುಹೋಗುತ್ತವೆ. ಅಂಗಡಿಯಲ್ಲಿ ಮಿಶ್ರಣ ಮಾಡಿಸಿದ ಬಣ್ಣವನ್ನು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಡಬ್ಬಿಗಳನ್ನು ಎಣಿಸುವಾಗ ಅದರ ಮೇಲೆ ಮುದ್ರಿಸಿರುವ ನಿವ್ವಳ ಪ್ರಮಾಣವನ್ನು ನೋಡತಕ್ಕದ್ದು. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ನಿವ್ವಳ ಪ್ರಮಾಣ ಮತ್ತು ಗರಿಷ್ಠ ಚಿಲ್ಲರೆ ಬೆಲೆಯನ್ನು ನಮೂದಿಸಬೇಕು. ಅಂಗಡಿಯ ಯಂತ್ರದಲ್ಲಿ ಬಣ್ಣ ಬೆರೆಸಲು ಬಳಸುವ ಬೇಸ್ ಡಬ್ಬಿಗಳಲ್ಲಿ, ಬೆರೆಸುವ ದ್ರವಕ್ಕೆ ಜಾಗ ಬಿಡುವ ಸಲುವಾಗಿ, 1 ಲೀಟರ್ ಎಂದು ಕರೆಯುವ ಡಬ್ಬಿಯಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಇದನ್ನು ತೂಕದ ಮೋಸವೆಂದು ಭಾವಿಸುವ ಮೊದಲು ಮುದ್ರಿತ ಪ್ರಮಾಣವನ್ನು ಓದಬೇಕು, ಲೆಕ್ಕವನ್ನೂ ಅದೇ ಪ್ರಮಾಣದಿಂದ ಮಾಡಬೇಕು. ಬಳಿಯುವಾಗ ಬೆರೆಸುವ ನೀರನ್ನು ಲೀಟರ್ ಲೆಕ್ಕಕ್ಕೆ ಸೇರಿಸಬಾರದು.

5. ಪಾವತಿಗಾಗಿ ಅಳೆಯುವ ಪದ್ಧತಿ

ಕಟ್ಟಡ ಕೆಲಸಗಳ ಅಳತೆಗೆ ಐಎಸ್ 1200 ಎಂಬ ಭಾರತೀಯ ಮಾನಕವಿದೆ. ಅದರ 12ನೇ ಭಾಗ ಗಿಲಾವಿಗೆ, 13ನೇ ಭಾಗ ಸುಣ್ಣ ಬಣ್ಣಗಳಿಗೆ ಸಂಬಂಧಿಸಿದೆ. ತೆರಪುಗಳ ಬಗ್ಗೆ ಅದು ಅನುಸರಿಸುವ ಕ್ರಮದ ಸಾರಾಂಶ ಹೀಗಿದೆ:

(ಅ) 0.5 ಚದರ ಮೀಟರ್‌ವರೆಗಿನ, ಅಂದರೆ ಸುಮಾರು 5.4 ಚದರ ಅಡಿಯವರೆಗಿನ ತೆರಪನ್ನು ಕಳೆಯುವುದಿಲ್ಲ. ಅದರ ಪಕ್ಕದ ಪಟ್ಟಿಗಳನ್ನು ಸೇರಿಸುವುದೂ ಇಲ್ಲ.

(ಆ) 0.5ರಿಂದ 3 ಚದರ ಮೀಟರ್‌ವರೆಗಿನ, ಅಂದರೆ ಸುಮಾರು 32 ಚದರ ಅಡಿಯವರೆಗಿನ ತೆರಪನ್ನು, ಗೋಡೆಯ ಎರಡೂ ಮುಖಗಳಿಗೆ ಒಂದೇ ಬಗೆಯ ಕೆಲಸವಿದ್ದಲ್ಲಿ, ಒಂದು ಮುಖದಿಂದ ಮಾತ್ರ ಕಳೆಯಲಾಗುತ್ತದೆ. ಪಕ್ಕದ ಪಟ್ಟಿಗಳನ್ನು ಸೇರಿಸುವುದಿಲ್ಲ.

(ಇ) 3 ಚದರ ಮೀಟರ್‌ಗಿಂತ ದೊಡ್ಡ ತೆರಪನ್ನು ಎರಡೂ ಮುಖಗಳಿಂದ ಕಳೆದು, ಪಕ್ಕದ ಪಟ್ಟಿಗಳನ್ನು ಅಳೆದು ಸೇರಿಸಲಾಗುತ್ತದೆ.

ಉದಾಹರಣೆಯ ಕೊಠಡಿಯ ವೆಂಟಿಲೇಟರ್ ಮೊದಲನೆಯ ವರ್ಗಕ್ಕೂ ಬಾಗಿಲು ಕಿಟಕಿಗಳು ಎರಡನೆಯ ವರ್ಗಕ್ಕೂ ಸೇರುತ್ತವೆ. ಎರಡನೆಯ ವರ್ಗದಲ್ಲಿ ಒಂದು ಮುಖದಿಂದ ಮಾತ್ರ ಕಳೆಯುವುದು ಗುತ್ತಿಗೆದಾರರಿಗೆ ನೀಡುವ ರಿಯಾಯಿತಿಯಲ್ಲ. ಪಕ್ಕದ ಪಟ್ಟಿಗಳ ಕೆಲಸಕ್ಕೂ ಅಂಚುಗಳಲ್ಲಿ ಎಚ್ಚರದಿಂದ ಬಳಿಯುವ ಶ್ರಮಕ್ಕೂ ಅದು ಬದಲಿಯಾಗಿದೆ. ಆದ್ದರಿಂದ ಈ ಪದ್ಧತಿಯಲ್ಲಿ ಎರಡೂ ಮುಖಗಳಿಂದ ಕಳೆಯಬೇಕೆಂದು ಮನೆಯವರು ಕೇಳುವುದು ಸರಿಯಲ್ಲ. ಒಂದು ಮುಖದಿಂದ ಕಳೆದ ಮೇಲೆ ಪಕ್ಕದ ಪಟ್ಟಿಗಳಿಗೆ ಗುತ್ತಿಗೆದಾರರು ಪ್ರತ್ಯೇಕ ಹಣ ಕೇಳುವುದೂ ಸರಿಯಲ್ಲ. ಗೋಡೆಯ ಒಂದೇ ಮುಖಕ್ಕೆ ಕೆಲಸವಿದ್ದಾಗ, ಅಥವಾ ಎರಡು ಮುಖಗಳಿಗೆ ಬೇರೆ ಬೇರೆ ಬಗೆಯ ಕೆಲಸವಿದ್ದಾಗ, ಚೌಕಟ್ಟು ಗೋಡೆಯಲ್ಲಿ ಎಲ್ಲಿ ಕುಳಿತಿದೆ ಎಂಬುದನ್ನು ನೋಡಿ ಕಳೆಯುವ ಭಾಗವನ್ನು ನಿರ್ಧರಿಸಲಾಗುತ್ತದೆ.

ಖಾಸಗಿ ಮನೆಗಳ ಕೆಲಸದಲ್ಲಿ ಈ ಮಾನಕವನ್ನೇ ಅನುಸರಿಸಬೇಕೆಂದಿಲ್ಲ. ಬಾಗಿಲು ಕಿಟಕಿಗಳನ್ನು ಕಳೆಯದೆ ಪೂರ್ತಿ ಗೋಡೆಯನ್ನು ಅಳೆದು, ಅದೇ ಹಣದಲ್ಲಿ ಕದ, ಚೌಕಟ್ಟು ಮತ್ತು ಸರಳುಗಳಿಗೂ ಬಣ್ಣ ಬಳಿದುಕೊಡುವ ಒಪ್ಪಂದವೂ ರೂಢಿಯಲ್ಲಿದೆ. ಅದು ನ್ಯಾಯವಾದ ಒಪ್ಪಂದವೇ. ಆದರೆ ಗೋಡೆಯನ್ನು ಕಳೆಯದೆ 440 ಚದರ ಅಡಿ ಎಂದು ಬರೆದು, ಬಾಗಿಲು ಕಿಟಕಿಗಳ ಬಣ್ಣಕ್ಕೆ ಇನ್ನೊಂದು ಸಾಲಿನಲ್ಲಿ ಮತ್ತೆ ಹಣ ಹಾಕಿದ್ದರೆ, ಆ ಜಾಗಕ್ಕೆ ಎರಡು ಬಾರಿ ಪಾವತಿಸಿದಂತಾಗುತ್ತದೆ. ಚದರ ಅಡಿಗೆ 20 ರೂಪಾಯಿ ದರವೆಂದು ಇಟ್ಟುಕೊಂಡರೆ, 440 ಮತ್ತು 379ರ ನಡುವಿನ 61 ಚದರ ಅಡಿಗೆ ಒಂದೇ ಕೊಠಡಿಯಲ್ಲಿ 1,220 ರೂಪಾಯಿ ವ್ಯತ್ಯಾಸ ಬರುತ್ತದೆ. ಆದ್ದರಿಂದ "ತೆರಪುಗಳನ್ನು ಕಳೆದು" ಅಥವಾ "ತೆರಪುಗಳನ್ನು ಕಳೆಯದೆ, ಬಾಗಿಲು ಕಿಟಕಿಗಳ ಬಣ್ಣವೂ ಸೇರಿ" ಎಂಬ ಒಂದು ಸಾಲನ್ನು ಕೆಲಸ ಆರಂಭವಾಗುವ ಮೊದಲೇ ಪಟ್ಟಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು.

6. ನೆಲದ ಟೈಲ್ಸ್

ನೆಲದ ವಿಸ್ತೀರ್ಣದಿಂದ ಬಾಗಿಲು ಕಿಟಕಿಗಳನ್ನು ಕಳೆಯುವಂತಿಲ್ಲ. ಅವು ಇರುವುದು ಗೋಡೆಯಲ್ಲಿ. ಬಾಗಿಲಿನ ಅಗಲವನ್ನು ಕಳೆಯಬೇಕಾದದ್ದು ಸ್ಕರ್ಟಿಂಗ್‌ನ ಉದ್ದದಿಂದ ಮಾತ್ರ. ಕಿಟಕಿಗಳು ಸ್ಕರ್ಟಿಂಗ್‌ಗಿಂತ ಮೇಲಿರುವುದರಿಂದ ಅಲ್ಲಿಯೂ ಅವನ್ನು ಕಳೆಯಬೇಕಿಲ್ಲ. ಬಾಗಿಲಿಗೆ ಹೊಸ್ತಿಲಿಲ್ಲದೆ ಟೈಲ್ಸ್ ಗೋಡೆಯ ದಪ್ಪದೊಳಗೂ ಮುಂದುವರಿಯುವುದಾದರೆ ಆ ಭಾಗವನ್ನು ಸೇರಿಸಬೇಕು. 3.5 ಅಡಿ ಅಗಲದ ಬಾಗಿಲಿಗೆ 9 ಅಂಗುಲದ ಗೋಡೆಯಲ್ಲಿ ಇದು ಹೆಚ್ಚೆಂದರೆ 2.6 ಚದರ ಅಡಿ. ಉದಾಹರಣೆಯ ಕೊಠಡಿಯ ಎರಡೂ ಬಾಗಿಲುಗಳಿಗೆ ಹೊಸ್ತಿಲಿದೆ.

ನೆಲದ ವಿಸ್ತೀರ್ಣ 12 × 10 = 120 ಚದರ ಅಡಿ. ಅಂಗಡಿಯಲ್ಲಿ "ಎರಡಡಿ ಟೈಲ್ಸ್" ಎಂದು ಕರೆಯುವುದರ ನಿಜವಾದ ಅಳತೆ 600 × 600 ಮಿಲಿಮೀಟರ್. ಅದು 4 ಚದರ ಅಡಿಯಲ್ಲ, ಸುಮಾರು 3.87 ಚದರ ಅಡಿ. ಆದ್ದರಿಂದ 30 ಅಲ್ಲ, 31 ಟೈಲ್ಸ್ ಬೇಕು. ಸ್ಕರ್ಟಿಂಗ್‌ನ ಉದ್ದ 44ರಿಂದ 3.5 ಮತ್ತು 2.5ನ್ನು ಕಳೆದು 38 ಅಡಿ. ಒಂದು ಟೈಲ್‌ನಿಂದ 4 ಅಂಗುಲ ಎತ್ತರದ ಐದು ಪಟ್ಟಿಗಳು ದೊರೆಯುತ್ತವೆ, ಅಂದರೆ ಸುಮಾರು 10 ಅಡಿ. ಹೀಗಾಗಿ ಸ್ಕರ್ಟಿಂಗ್‌ಗೆ 4 ಟೈಲ್ಸ್. ಒಟ್ಟು 35ಕ್ಕೆ ಒಡಕು ಮತ್ತು ಕತ್ತರಿಕೆಗಾಗಿ ಶೇಕಡಾ 10ನ್ನು ಸೇರಿಸಿದರೆ 39 ಆಗುತ್ತದೆ. ಪೆಟ್ಟಿಗೆಗೆ 4ರಂತೆ 10 ಪೆಟ್ಟಿಗೆಗಳು.

ಈ ಲೆಕ್ಕವನ್ನು ಒಮ್ಮೆ ಸಾಲುಗಳಾಗಿಯೂ ಎಣಿಸಿ ನೋಡುವುದು ಅವಶ್ಯ. 12 ಅಡಿ ಎಂದರೆ ಸುಮಾರು 3,658 ಮಿಲಿಮೀಟರ್. 2 ಮಿಲಿಮೀಟರ್ ಸಂದು ಬಿಟ್ಟು ಆರು ಟೈಲ್ಸ್ ಹಾಸಿದರೆ 3,612 ಆಗಿ, ಕೊನೆಯಲ್ಲಿ ನಾಲ್ಕೂವರೆ ಸೆಂಟಿಮೀಟರ್‌ನ ಸಣ್ಣ ಪಟ್ಟಿ ಉಳಿಯುತ್ತದೆ. 10 ಅಡಿಯ ಕಡೆಯೂ ಅಂತಹುದೇ ಪಟ್ಟಿ ಉಳಿಯುತ್ತದೆ. ಈ ಪಟ್ಟಿಗಳು ಗೋಡೆಯಂಚಿನಲ್ಲಿ ಇರಲಿ ಎಂದರೆ ಮೇಲಿನ ಲೆಕ್ಕ ಸರಿಯಾಗಿದೆ. ಅಂದಕ್ಕಾಗಿ ಎರಡೂ ಬದಿಗೆ ಸಮನಾದ ದೊಡ್ಡ ತುಂಡುಗಳು ಬರುವಂತೆ ಹಾಸಿದರೆ ಉದ್ದಕ್ಕೆ 7, ಅಗಲಕ್ಕೆ 6ರಂತೆ 42 ಟೈಲ್ಸ್ ಬೇಕಾಗುತ್ತವೆ. ಅಂಚಿನ ಪ್ರತಿ ತುಂಡು ಅರ್ಧಕ್ಕಿಂತ ದೊಡ್ಡದಿರುವುದರಿಂದ ಒಂದು ಟೈಲ್‌ನಿಂದ ಎರಡು ತುಂಡುಗಳು ಬರುವುದಿಲ್ಲ. ಕತ್ತರಿಸಿ ಉಳಿದ ಭಾಗವನ್ನು ಸ್ಕರ್ಟಿಂಗ್‌ಗೆ ಬಳಸಬಹುದಾದರೂ ಕನಿಷ್ಠ 11 ಪೆಟ್ಟಿಗೆಗಳು ಬೇಕು. ಆದುದರಿಂದ ಟೈಲ್ಸ್ ಖರೀದಿಸುವ ಮೊದಲೇ ಯಾವ ಮೂಲೆಯಿಂದ ಹಾಸಲಾಗುವುದೆಂದು ಮೇಸ್ತ್ರಿಯವರನ್ನು ಕೇಳಿ ತಿಳಿದುಕೊಳ್ಳಬೇಕು. ನಂತರ ಕೊರತೆಯಾಗಿ ತಂದ ಪೆಟ್ಟಿಗೆ ಬೇರೆ ತಯಾರಿಕೆಯ ತಂಡದ್ದಾದರೆ ಬಣ್ಣದ ಛಾಯೆ ಹೊಂದದೆ ಹೋಗಬಹುದು.

7. ಕೆಲಸ ಮುಗಿದ ಮೇಲಿನ ಪರಿಶೀಲನೆ

ಖಾಲಿ ಡಬ್ಬಿಗಳನ್ನು ಕೆಲಸ ಮುಗಿಯುವವರೆಗೆ ಎಸೆಯದೆ ಇರಿಸಿಕೊಳ್ಳಬೇಕು. ಉದಾಹರಣೆಯ ಕೊಠಡಿಗೆ ಆರರಿಂದ ಏಳು ಲೀಟರ್ ಖರ್ಚಾಗಬೇಕಿತ್ತು. ನಾಲ್ಕೇ ಲೀಟರಿನಲ್ಲಿ ಮುಗಿದಿದ್ದರೆ ಎರಡನೆಯ ಕೋಟ್ ಬಿಟ್ಟುಹೋಗಿರುವ, ಅಥವಾ ನೀರು ಅತಿಯಾಗಿ ಬೆರೆತಿರುವ ಸಂಭವವಿದೆ. ಹಗಲು ಬೆಳಕಿನಲ್ಲಿ ಗೋಡೆಯನ್ನು ಓರೆಯಾಗಿ ನೋಡಿದಾಗ ಕೆಳಗಿನ ಪುಟ್ಟಿಯ ಬಿಳುಪು ಮಚ್ಚೆಯಂತೆ ಕಾಣುವುದು ಇದರ ಗುರುತು. ಒಂಬತ್ತು ಹತ್ತು ಲೀಟರ್ ಖರ್ಚಾಗಿದ್ದರೆ ಪ್ರೈಮರ್ ಬಳಿಯಲಾಗಿತ್ತೇ, ಗೋಡೆ ಒರಟಾಗಿತ್ತೇ, ಮೂರನೆಯ ಕೋಟ್ ಬೇಕಾಯಿತೇ ಎಂದು ವಿಚಾರಿಸಬೇಕು. ಗಾಢ ಬಣ್ಣದ ಗೋಡೆಯ ಮೇಲೆ ತಿಳಿ ಬಣ್ಣ ಬಳಿದಾಗ ಮೂರನೆಯ ಕೋಟ್ ಬೇಕಾಗುವುದುಂಟು. ಡಬ್ಬಿಯ ಮೇಲಿನ ಸಂಖ್ಯೆ ಅಂದಾಜಿನದಾದ್ದರಿಂದ ಒಂದು ಲೀಟರಿನಷ್ಟು ಹೆಚ್ಚುಕಡಿಮೆಯನ್ನು ತಪ್ಪೆಂದು ಪರಿಗಣಿಸಬೇಕಿಲ್ಲ.

ಅಂದಾಜು ಪಟ್ಟಿಯೊಂದಿಗೆ ಪ್ರತಿ ಕೊಠಡಿಯ ಒಟ್ಟು ವಿಸ್ತೀರ್ಣ, ಕಳೆದ ತೆರಪುಗಳು, ಸೇರಿಸಿದ ಪಕ್ಕಗಳು ಮತ್ತು ಉಳಿದ ವಿಸ್ತೀರ್ಣ ಎಂಬ ನಾಲ್ಕು ಅಂಕಣಗಳ ಹಾಳೆಯನ್ನು ಗುತ್ತಿಗೆದಾರರ ಸಹಿಯೊಂದಿಗೆ ಪಡೆದು ಇರಿಸಿಕೊಳ್ಳುವುದು ಸೂಕ್ತ. ಅಂತಿಮ ಬಿಲ್ಲನ್ನು ಅದೇ ಹಾಳೆಯೊಂದಿಗೆ ಸಾಲು ಸಾಲಾಗಿ ತಾಳೆ ನೋಡಿದ ನಂತರ ಹಣ ಪಾವತಿಸತಕ್ಕದ್ದು.